ಪೇಟೆಯ ಗದ್ದಲದಲ್ಲಿ ದಿನದ ಓಡಾಟಕ್ಕೆ ಸ್ಕೂಟರೋ, ಬೈಕೋ? ಲೆಕ್ಕ ಹಾಕಿ ತೀರ್ಮಾನಿಸುವ ಬಗೆ

110 ಸಿಸಿ ಸ್ಕೂಟರಿಗೂ 100 ಸಿಸಿ ಬೈಕಿಗೂ ಕೊಳ್ಳುವಾಗಿನ ಬೆಲೆ ಈಗ ಹೆಚ್ಚುಕಮ್ಮಿ ಅಕ್ಕಪಕ್ಕದಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದರ ಲಾಭವೂ ಎರಡಕ್ಕೂ ಒಂದೇ. ಹಾಗಾಗಿ ಶೋರೂಮಿನ ರೇಟ್ ಪಟ್ಟಿ ನೋಡಿ ತೀರ್ಮಾನ ಆಗುವುದಿಲ್ಲ. ವ್ಯತ್ಯಾಸ ಇರುವುದು ಮುಂದಿನ ನಾಲ್ಕೈದು ವರ್ಷದ ಪೆಟ್ರೋಲಿನಲ್ಲಿ, ಎಡಗೈ ಮತ್ತು ಸೊಂಟದ ನೋವಿನಲ್ಲಿ, ಗ್ಯಾರೇಜಿನ ಬಿಲ್ಲಿನಲ್ಲಿ. ಇದನ್ನು ಗಾಡಿ ಬುಕ್ ಮಾಡುವ ಮೊದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು.

ಉದಾಹರಣೆಗೆ ಹುಬ್ಬಳ್ಳಿಯ ದಾರಿಯೊಂದನ್ನು ತೆಗೆದುಕೊಳ್ಳುತ್ತೇನೆ. ನವನಗರದಲ್ಲಿ ಮನೆ, ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೋಗಿ ಬರಲು, ನಡುವೆ ಒಂದೆರಡು ಸಣ್ಣ ಕೆಲಸ ಸೇರಿಸಿ, ದಿನಕ್ಕೆ 20 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ನಿಮ್ಮೂರು ತುಮಕೂರಾಗಲಿ, ದಾವಣಗೆರೆಯಾಗಲಿ, ಲೆಕ್ಕದ ದಾರಿ ಇದೇ. ಅಂಕಿ ಮಾತ್ರ ನಿಮ್ಮದು ಹಾಕಿಕೊಳ್ಳಿ.

ಮೊದಲು ನಿಮ್ಮ ದಾರಿಯನ್ನು ಅಳೆಯಿರಿ

ಒಂದು ವಾರ ಎರಡೇ ವಿಷಯ ಗಮನಿಸಿ. ಮೊದಲನೆಯದು, ಒಟ್ಟು ದೂರದಲ್ಲಿ ಎಷ್ಟು ಕಿಲೋಮೀಟರ್ ನಿಂತು ನಿಂತು ಹೋಗುವಂಥದ್ದು. ಎರಡನೆಯದು, ಆ ಜಾಗದಲ್ಲಿ ಎಷ್ಟು ಸಲ ನಿಲ್ಲುತ್ತೀರಿ.

ನಮ್ಮ ಉದಾಹರಣೆಯ ದಾರಿಯಲ್ಲಿ ನವನಗರದಿಂದ ಉಣಕಲ್ ದಾಟುವವರೆಗೆ ಗಾಡಿ ಟಾಪ್ ಗೇರಿನಲ್ಲೇ ಓಡುತ್ತದೆ. ವಿದ್ಯಾನಗರ, ಹೊಸೂರು ಬಂದ ಮೇಲೆ ಸಿಗ್ನಲ್ಲುಗಳು ಶುರು. ಚನ್ನಮ್ಮ ಸರ್ಕಲ್‌ನಿಂದ ಕೊಪ್ಪೀಕರ್ ರಸ್ತೆಗೆ ಇಳಿದು ದುರ್ಗದಬೈಲ್ ಮುಟ್ಟುವವರೆಗೆ ಕತೆಯೇ ಬೇರೆ. ಆಟೋ, ತಳ್ಳುಗಾಡಿ, ಅಂಗಡಿ ಮುಂದೆ ಸಾಮಾನು ಇಳಿಸುತ್ತಿರುವ ಟೆಂಪೋ, ನಡುವೆ ನಡೆದು ದಾಟುವ ಜನ. ದೂರ ನೋಡಿದರೆ ಕೊನೆಯ ತುಂಡು ಬಹಳ ಚಿಕ್ಕದು. ಆದರೆ ಕೈಕಾಲಿಗೆ ಕೆಲಸ ಬೀಳುವುದೆಲ್ಲ ಅಲ್ಲೇ.

ಈಗ ನಿಮ್ಮ ಹತ್ತಿರ ಬೈಕ್ ಇದ್ದರೆ, ಅಥವಾ ಯಾರದ್ದಾದರೂ ಒಂದು ದಿನಕ್ಕೆ ಸಿಕ್ಕರೆ, ಆ ಜನಜಂಗುಳಿಯ ತುಂಡಿನಲ್ಲಿ ಕ್ಲಚ್ ಎಷ್ಟು ಸಲ ಒತ್ತುತ್ತೀರಿ ಎಣಿಸಿ. ಪೂರ್ತಿ ದಾರಿ ಎಣಿಸುವುದು ಬೇಡ, ಗಮನ ತಪ್ಪುತ್ತದೆ. ಒಂದು ಕಿಲೋಮೀಟರ್ ಎಣಿಸಿದರೆ ಸಾಕು, ಉಳಿದದ್ದು ಗುಣಿಸಿಕೊಳ್ಳಬಹುದು. ಪ್ರತಿ ನಿಲುಗಡೆಗೆ ಕನಿಷ್ಠ ಮೂರು ಸಲ ಕ್ಲಚ್ ಬೇಕು: ನಿಲ್ಲಿಸಲು, ಹೊರಡಲು, ಎರಡನೇ ಗೇರಿಗೆ. ಒಂದು ಕಡೆಯ ಪ್ರಯಾಣಕ್ಕೆ ಇದು 100 ದಾಟಿದರೆ ಎಡಗೈ ಮಣಿಕಟ್ಟಿನ ಬಗ್ಗೆ ಯೋಚಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಸಂಜೆ ಮನೆಗೆ ಬಂದ ಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗ ಹೆಬ್ಬೆರಳಿನ ಬುಡ ನೋಯುತ್ತಿದ್ದರೆ ಕಾರಣ ಇದೇ ಇರಬಹುದು.

ಆಮೇಲೆ ದುಡ್ಡಿನ ಲೆಕ್ಕ

ಕಂಪನಿಯವರು ಹೇಳುವ ಮೈಲೇಜನ್ನು ಪಕ್ಕಕ್ಕಿಡಿ. ಪೇಟೆಯ ಓಡಾಟದಲ್ಲಿ 110 ಸಿಸಿ ಸ್ಕೂಟರ್ ಲೀಟರಿಗೆ 40 ಕಿಲೋಮೀಟರ್ ಆಸುಪಾಸು ಕೊಡುತ್ತದೆ. 100 ಸಿಸಿ ಬೈಕ್ 55ರ ಹತ್ತಿರ ಕೊಡುತ್ತದೆ. ಬೈಕಿನ ಚೈನು ಇಂಜಿನ್ನಿನ ಬಲವನ್ನು ಹೆಚ್ಚು ನಷ್ಟವಿಲ್ಲದೆ ಚಕ್ರಕ್ಕೆ ಮುಟ್ಟಿಸುತ್ತದೆ. ಸ್ಕೂಟರಿನ ರಬ್ಬರ್ ಬೆಲ್ಟ್ ಉಜ್ಜಾಟದಲ್ಲೇ ಒಂದಿಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಮೈಲೇಜ್ ಕಡಿಮೆ ಆಗಲು ಇದು ಮುಖ್ಯ ಕಾರಣ.

ದಿನಕ್ಕೆ 20 ಕಿಲೋಮೀಟರ್, ತಿಂಗಳಿಗೆ 25 ದಿನ. ಅಂದರೆ ತಿಂಗಳಿಗೆ 500, ವರ್ಷಕ್ಕೆ 6,000 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿಯೋಣ. ಸ್ಕೂಟರಿಗೆ ವರ್ಷಕ್ಕೆ 150 ಲೀಟರ್ ಬೇಕು, 15,450 ರೂಪಾಯಿ. ಬೈಕಿಗೆ 109 ಲೀಟರ್ ಸಾಕು, ಸುಮಾರು 11,200 ರೂಪಾಯಿ. ವ್ಯತ್ಯಾಸ ವರ್ಷಕ್ಕೆ 4,200, ತಿಂಗಳಿಗೆ 350 ರೂಪಾಯಿ.

ಇನ್ನು ರಿಪೇರಿ ಖರ್ಚು. ಸ್ಕೂಟರ್ ಅಂದರೆ ಮೇಂಟೆನೆನ್ಸ್ ಜಾಸ್ತಿ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಅದನ್ನು ನಾಲ್ಕು ವರ್ಷಕ್ಕೆ, ಅಂದರೆ 24,000 ಕಿಲೋಮೀಟರಿಗೆ ಹರಡಿ ನೋಡಬೇಕು. ಆಯಿಲ್ ಬದಲಿಸುವ ಮಾಮೂಲಿ ಸರ್ವಿಸ್ ಎರಡಕ್ಕೂ ಇದ್ದದ್ದೇ, ಅದನ್ನು ಬಿಡೋಣ. ಇಷ್ಟು ಓಡುವಷ್ಟರಲ್ಲಿ ಸ್ಕೂಟರಿಗೆ ಬೆಲ್ಟ್ ಮತ್ತು ರೋಲರ್ ಒಂದು ಸಲ ಬರುತ್ತದೆ, ಕೂಲಿ ಸೇರಿ ಸುಮಾರು 2,000. ಕ್ಲಚ್ ಶೂ ಕೆಲಸ 1,500. ಟೈರ್ ಎರಡೂ ಒಮ್ಮೆ ಬದಲಾಗುತ್ತವೆ, 3,000. ಒಟ್ಟು 6,500. ಬೈಕಿಗೆ ಚೈನ್ ಸ್ಪ್ರಾಕೆಟ್ ಸೆಟ್ಟು 1,600, ಕ್ಲಚ್ ಪ್ಲೇಟು 1,400, ಹಿಂದಿನ ಟೈರು 2,000. ಒಟ್ಟು 5,000. ಇವೆಲ್ಲ ಅಂದಾಜು ರೇಟು, ಊರಿಂದ ಊರಿಗೆ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಆದರೆ ಅಂತರ ಗಮನಿಸಿ: ನಾಲ್ಕು ವರ್ಷಕ್ಕೆ 1,500 ರೂಪಾಯಿ. ತಿಂಗಳಿಗೆ ಮೂವತ್ತು ರೂಪಾಯಿ ಚಿಲ್ಲರೆ.

ಅಂದರೆ ದುಬಾರಿ ಆಗುವುದು ರಿಪೇರಿಯಲ್ಲ, ಪೆಟ್ರೋಲು. ಎರಡೂ ಸೇರಿ ಈ ದಾರಿಗೆ ಸ್ಕೂಟರ್ ತಿಂಗಳಿಗೆ ಸುಮಾರು 380 ರೂಪಾಯಿ ಜಾಸ್ತಿ ತಿನ್ನುತ್ತದೆ. ಈಗ ಪ್ರಶ್ನೆ ಸಲೀಸಾಯಿತು, ಅಲ್ವಾ? ಆ 380 ರೂಪಾಯಿಗೆ ಸ್ಕೂಟರ್ ನಿಮಗೆ ಏನು ಕೊಡುತ್ತದೆ ಅಂತ ನೋಡಿದರಾಯಿತು.

ದೂರ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ದಿನಕ್ಕೆ ಬರೀ 8 ಕಿಲೋಮೀಟರ್ ಓಡಾಡುವವರಿಗೆ ಪೆಟ್ರೋಲಿನ ವ್ಯತ್ಯಾಸ ತಿಂಗಳಿಗೆ 140 ರೂಪಾಯಿ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಹೋಗಿ ಬರುವವರದು ಬೇರೆ ಮಾತು. 45 ಕಿಲೋಮೀಟರ್ ಹಿಡಿದರೆ ವ್ಯತ್ಯಾಸ ತಿಂಗಳಿಗೆ 800 ರೂಪಾಯಿ ಮುಟ್ಟುತ್ತದೆ, ಜೊತೆಗೆ ಅವರ ದಾರಿಯಲ್ಲಿ ಹೆಚ್ಚಿನದು ಬಿಚ್ಚು ರಸ್ತೆ. ಅವರಿಗೆ ಬೈಕೇ ಸರಿ.

ಒಂದು ಚಿಕ್ಕ ವಿಷಯ. ಸ್ಕೂಟರಿನ ಟ್ಯಾಂಕು ಐದು ಲೀಟರಿಗಿಂತ ತುಸು ಜಾಸ್ತಿ, ಬೈಕಿನದು ಹತ್ತರ ಹತ್ತಿರ. ದಿನಕ್ಕೆ 20 ಕಿಲೋಮೀಟರ್ ಓಡಿದರೆ ಸ್ಕೂಟರಿನವರು ಎಂಟೊಂಬತ್ತು ದಿನಕ್ಕೊಮ್ಮೆ ಬಂಕಿನ ಸಾಲಿನಲ್ಲಿ ನಿಲ್ಲಬೇಕು. ಬೈಕಿನವರು ಮೂರು ವಾರಕ್ಕೂ ಹೆಚ್ಚು ದಿನ ಆ ಕಡೆ ತಿರುಗಿ ನೋಡಬೇಕಿಲ್ಲ.

ಮೈಗೆ ಯಾವುದು ಹಿತ

ಗದ್ದಲದಲ್ಲಿ ಸ್ಕೂಟರಿನ ಸುಖ ಎಲ್ಲರಿಗೂ ಗೊತ್ತಿರುವುದೇ. ಕ್ಲಚ್ ಇಲ್ಲ, ಗೇರ್ ಇಲ್ಲ, ಎರಡೂ ಬ್ರೇಕು ಕೈಯಲ್ಲೇ. ಸೀಟಿನಿಂದ ಮುಂದಕ್ಕೆ ಜರುಗಿ ಎರಡೂ ಕಾಲು ಊರಿ ಗಾಡಿ ತಳ್ಳಿಕೊಂಡು ಹೋಗಬಹುದು. ಸೀರೆ ಉಟ್ಟವರಿಗೆ, ಪಂಚೆ ಉಟ್ಟ ಹಿರಿಯರಿಗೆ ಕಾಲು ಎತ್ತಿ ದಾಟಿಸುವ ಕಷ್ಟ ಇಲ್ಲ. ಊಟದ ಡಬ್ಬಿ, ಮಳೆ ಕೋಟು ಸೀಟಿನಡಿ ಹೋಗುತ್ತವೆ, ತರಕಾರಿ ಚೀಲ ಕೊಕ್ಕೆಗೆ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಆದ್ದರಿಂದ ಒಬ್ಬರೇ ಹೋಗಿ ಬರುವಾಗ ಯಾರನ್ನಾದರೂ ಹತ್ತಿಸಿಕೊಳ್ಳುವುದಿದ್ದರೆ ಆ ಎರಡನೇ ಹೆಲ್ಮೆಟ್ ಎಲ್ಲಿಡುವುದು ಅನ್ನುವುದು ನಿಜವಾದ ತಾಪತ್ರಯ. ಅದು ಸೀಟಿನಡಿ ಹಿಡಿಸುತ್ತದೋ ಇಲ್ಲವೋ ನೋಡಲು ಶೋರೂಮಿಗೆ ಹೋಗುವಾಗ ನಿಮ್ಮ ಹೆಲ್ಮೆಟ್ಟನ್ನೇ ಒಯ್ಯಿರಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಎಲ್ಲ ಸ್ಕೂಟರಿನಲ್ಲೂ ಹಿಡಿಸುವುದಿಲ್ಲ.

ಸ್ಕೂಟರ್ ಸೋಲುವುದು ಗುಂಡಿಯಲ್ಲಿ. ಅದರ ಚಕ್ರ 10 ಅಥವಾ 12 ಇಂಚಿನದು, ಬೈಕಿನದು 17–18. ದೊಡ್ಡ ಚಕ್ರ ಸಣ್ಣ ಗುಂಡಿಯ ಮೇಲೆ ಹಾಯ್ದು ಹೋಗುತ್ತದೆ, ಚಿಕ್ಕ ಚಕ್ರ ಅದರೊಳಗೆ ಇಳಿದು ಏಳುತ್ತದೆ. ಇನ್ನೊಂದು ಕಾರಣ ಅಷ್ಟಾಗಿ ಯಾರೂ ಹೇಳುವುದಿಲ್ಲ. ಬೈಕಿನಲ್ಲಿ ಇಂಜಿನ್ ಚಾಸಿಗೆ ಕೂತಿರುತ್ತದೆ, ಹಿಂದಿನ ಚಕ್ರ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಸ್ಕೂಟರಿನಲ್ಲಿ ಇಂಜಿನ್, ಬೆಲ್ಟಿನ ಪೆಟ್ಟಿಗೆ, ಚಕ್ರ ಎಲ್ಲವೂ ಒಂದೇ ತುಂಡು. ಗುಂಡಿಗೆ ಬಿದ್ದರೆ ಅಷ್ಟೂ ಭಾರ ಒಟ್ಟಿಗೆ ಎಗರುತ್ತದೆ. ಬಹಳಷ್ಟು ಸ್ಕೂಟರುಗಳಲ್ಲಿ ಅದನ್ನು ತಡೆಯಲು ಒಂದು ಬದಿಗೆ ಒಂದೇ ಶಾಕ್ ಅಬ್ಸಾರ್ಬರ್. ಆ ಏಟು ನೇರ ಸೊಂಟಕ್ಕೆ ಬರುತ್ತದೆ, ಯಾಕೆಂದರೆ ಸ್ಕೂಟರಿನಲ್ಲಿ ಕಾಲು ಮುಂದಕ್ಕೆ ಇರುತ್ತದೆ. ಬೈಕಿನಲ್ಲಾದರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಎದ್ದು ಏಟು ತಪ್ಪಿಸಿಕೊಳ್ಳಬಹುದು.

ಹಾಗಾಗಿ ಮೊದಲೇ ಸೊಂಟ ನೋವು, ಡಿಸ್ಕ್ ತೊಂದರೆ ಇದ್ದವರು, ದಾರಿ ಗುಂಡಿಮಯ ಆಗಿದ್ದರೆ, ಸ್ಕೂಟರ್ ಅಂತ ಕಣ್ಣು ಮುಚ್ಚಿ ಹೇಳಬೇಡಿ. ಮಣಿಕಟ್ಟು, ಮೊಣಕಾಲು ನೋವಿದ್ದವರಿಗೆ ಸ್ಕೂಟರ್. ಸೊಂಟ ನೋವಿದ್ದವರು ಎರಡನ್ನೂ ಓಡಿಸಿ ನೋಡಿಯೇ ನಿರ್ಧರಿಸಬೇಕು.

ಟೆಸ್ಟ್ ರೈಡ್ ಹೇಗೆ ಮಾಡಬೇಕು

ಶೋರೂಮಿನವರು ಹಿಂದಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಸಂಜೆ ಆರರ ಹೊತ್ತಿಗೆ ಗಾಡಿ ಕೇಳಿ. ಅವರು ಕೊಡದಿದ್ದರೆ ಅದೇ ಮಾಡೆಲ್ ಇರುವ ನೆಂಟರದ್ದೋ ಗೆಳೆಯರದ್ದೋ ಅರ್ಧ ಗಂಟೆಗೆ ಬೇಡಿ.

ಮನೆಯಲ್ಲಿ ದಿನಾ ಹಿಂದೆ ಕೂರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಅವರನ್ನು ಹತ್ತಿಸಿ, ಇಳಿಸಿ. ಅತ್ತೆಯೋ ಅಮ್ಮನೋ ಒಂದು ಬದಿಗೆ ಕಾಲು ಹಾಕಿ ಕೂರುವವರಾದರೆ ಅವರ ಕಾಲಿಗೆ ಆಧಾರ ಸಿಗುತ್ತದೋ, ಸೀರೆ ಗಾರ್ಡ್ ಸರಿಯಾಗಿ ಇದೆಯೋ ನೋಡಿ. ಇಬ್ಬರೂ ಕೂತಾಗ ಎತ್ತರದ ಹಂಪ್ ಒಂದನ್ನು ನಿಧಾನ ದಾಟಿಸಿ. ಕಾಗದದ ಮೇಲೆ ಸ್ಕೂಟರಿಗೂ ಬೈಕಿಗೂ ನೆಲದಿಂದ ಎತ್ತರ ಹೆಚ್ಚುಕಮ್ಮಿ ಒಂದೇ, 160 ಮಿಲಿಮೀಟರ್ ಚಿಲ್ಲರೆ. ಆದರೆ ಭಾರ ಬಿದ್ದಾಗ ಸ್ಕೂಟರಿನ ಹೊಟ್ಟೆ ಹಂಪಿಗೆ ಕೆರೆಯುವುದುಂಟು.

ನೀವು ಎತ್ತರದವರಾದರೆ ಸ್ಕೂಟರಿನ ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ. ಮೊಣಕಾಲಿಗೆ ತಾಗಿದರೆ ಪೇಟೆಯ ಇಕ್ಕಟ್ಟಿನಲ್ಲಿ ಯೂ-ಟರ್ನ್ ಹೊಡೆಯುವಾಗ ದಿನಾ ತಾಗುತ್ತದೆ. ಗಿಡ್ಡ ಇರುವವರು ಬೈಕಿನ ಮೇಲೆ ಕೂತು, ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ತಳ್ಳಿ ನೋಡಿ. ಪಾರ್ಕಿಂಗಿನಲ್ಲಿ ನಾಲ್ಕು ಗಾಡಿ ನಡುವೆ ಸಿಕ್ಕಿಕೊಂಡಾಗ ಇದೇ ಕೆಲಸ.

ಬ್ರೇಕನ್ನೂ ಗಮನಿಸಿ. 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಕನಿಷ್ಠ ಸಿಬಿಎಸ್ ಕಡ್ಡಾಯ ಆಯಿತು. ಸ್ಕೂಟರಿನಲ್ಲಿ ಎಡಗೈ ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಬೈಕಿನಲ್ಲಿ ಕಾಲಿನ ಪೆಡಲ್ ಒತ್ತಿದರೆ. ಅಷ್ಟು ಮಾತ್ರಕ್ಕೆ ಬಲಗೈ ಬ್ರೇಕ್ ಬಿಡಬಾರದು. ತಕ್ಷಣ ನಿಲ್ಲಿಸುವ ಬಲ ಹೆಚ್ಚಾಗಿ ಇರುವುದು ಮುಂದಿನ ಚಕ್ರದಲ್ಲೇ. ಮಳೆ ಬಿದ್ದ ರಸ್ತೆ, ಮ್ಯಾನ್‌ಹೋಲ್ ಮುಚ್ಚಳ, ಮರಳು ಹರಡಿದ ತಿರುವು, ಇಲ್ಲೆಲ್ಲ ಚಿಕ್ಕ ಚಕ್ರದ ಸ್ಕೂಟರ್ ಬೇಗ ಜಾರುತ್ತದೆ. ಅಲ್ಲಿ ನೇರ ಇರುವಾಗಲೇ ವೇಗ ಇಳಿಸಿಕೊಂಡು ಆಮೇಲೆ ತಿರುಗಬೇಕು.

ಕೊಂಡ ಮೇಲೆ: ಯಾವುದು ಸವೆಯುತ್ತದೆ, ಹೇಗೆ ಗೊತ್ತಾಗುತ್ತದೆ

ಸ್ಕೂಟರಿನ ಕ್ಲಚ್ ತಾನಾಗಿಯೇ ಹಿಡಿಯುವಂಥದ್ದು. ಇಂಜಿನ್ ಒಂದು ಮಟ್ಟದ ವೇಗಕ್ಕೆ ಬಂದಾಗ ಒಳಗಿನ ಶೂಗಳು ಹೊರಕ್ಕೆ ಸರಿದು ಗಂಟೆಯಾಕಾರದ ಬಟ್ಟಲಿಗೆ ಅಂಟಿಕೊಳ್ಳುತ್ತವೆ, ಚಕ್ರ ತಿರುಗುತ್ತದೆ. ಗದ್ದಲದಲ್ಲಿ ನಾವು ಮಾಡುವುದೇನು? ಮುಂದಿನ ಗಾಡಿ ಒಂದಡಿ ಸರಿದರೆ ನಾವೂ ಆಕ್ಸಿಲರೇಟರ್ ತುಸುವೇ ತಿರುಗಿಸಿ ಒಂದಡಿ ಸರಿಯುತ್ತೇವೆ. ಆಗ ಶೂ ಪೂರ್ತಿ ಹಿಡಿಯದೆ ಉಜ್ಜುತ್ತಲೇ ಇರುತ್ತದೆ. ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಂಡರಂತೂ ಇನ್ನೂ ಕೆಟ್ಟದ್ದು. ಉಜ್ಜಿ ಉಜ್ಜಿ ಶೂ ಮತ್ತು ಬಟ್ಟಲು ಕನ್ನಡಿಯಂತೆ ನುಣುಪಾಗುತ್ತವೆ. ಮುಂದೆ ಎರಡು ಮೂರು ಮೀಟರ್ ಜಾಗ ಆಗುವವರೆಗೆ ಬ್ರೇಕ್ ಹಿಡಿದು ನಿಂತು, ಆಮೇಲೆ ಒಂದೇ ಸಲ ಹೊರಡಿ. ಇದೊಂದೇ ರೂಢಿಯಿಂದ ಕ್ಲಚ್ ಶೂ ಬಾಳಿಕೆ ಸಾಕಷ್ಟು ಹೆಚ್ಚುತ್ತದೆ.

ಶೂ ಕೆಟ್ಟಿದ್ದು ಹೊರಡುವಾಗ ಗೊತ್ತಾಗುತ್ತದೆ. ನಿಂತಲ್ಲಿಂದ ಎಳೆಯುವಾಗ ಗಾಡಿ ಗಡಗಡ ನಡುಗುತ್ತದೆ, ವೇಗ ಬಂದ ಮೇಲೆ ನಡುಕ ನಿಲ್ಲುತ್ತದೆ. ಹೀಗಾದ ತಕ್ಷಣ ಹೊಸ ಶೂ ಹಾಕಿಸಬೇಕಿಲ್ಲ. ಕವರ್ ಬಿಚ್ಚಿ, ಧೂಳು ಒರೆಸಿ, ಶೂ ಮತ್ತು ಬಟ್ಟಲನ್ನು ಉಪ್ಪು ಕಾಗದದಲ್ಲಿ ತಿಕ್ಕಿಸಿದರೆ ಹಲವು ಸಲ ಸರಿಹೋಗುತ್ತದೆ. ಶೂ ತೀರಾ ತೆಳುವಾಗಿದ್ದರೆ ಮಾತ್ರ ಬದಲಿಸಿ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡುವಾಗಲೂ ಇದೇ ಪರೀಕ್ಷೆ: ಏರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಿಂತಲ್ಲಿಂದ ಹೊರಡಿ.

ರೋಲರ್ ಸವೆದರೆ ಪಿಕಪ್ ಕುಗ್ಗುತ್ತದೆ, ಮೈಲೇಜ್ ಇಳಿಯುತ್ತದೆ. ದುಂಡಗಿರಬೇಕಾದ ರೋಲರಿನ ಒಂದು ಬದಿ ಚಪ್ಪಟೆಯಾಗಿರುತ್ತದೆ, ಬಿಚ್ಚಿದಾಗ ಕಣ್ಣಿಗೇ ಕಾಣುತ್ತದೆ. ಬೆಲ್ಟ್ ಮಾತ್ರ ಮುನ್ಸೂಚನೆ ಕೊಡುವುದು ಕಡಿಮೆ. ತುಂಡಾದರೆ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಜನ ಹೇಳುವ ಮಾತು ಒಂದೇ: "ಇಂಜಿನ್ ಓಡಾಕತ್ತೈತ್ರಿ, ಗಾಡಿ ಮುಂದ ಹೋಗವಲ್ದು." ಅಲ್ಲಿಗೆ ತಳ್ಳಿಕೊಂಡು ಹೋಗುವುದೇ ಗತಿ. ಆದ್ದರಿಂದ 12,000 ಕಿಲೋಮೀಟರಿಗೆ ಒಮ್ಮೆ ಕವರ್ ಬಿಚ್ಚಿಸಿ ಬೆಲ್ಟಿನ ಒಳಮೈಯಲ್ಲಿ ಬಿರುಕು ಇದೆಯಾ ನೋಡಿಸಿ. 24,000ದ ಹತ್ತಿರ, ಅದು ಚೆನ್ನಾಗಿ ಕಂಡರೂ, ಬದಲಿಸಿಬಿಡಿ. ಹಿಂದಿನ ಗೇರ್ ಆಯಿಲ್ ನೂರು ಮಿಲಿಲೀಟರ್ ಚಿಲ್ಲರೆ ಅಷ್ಟೆ, ಅದನ್ನು ಬದಲಿಸಲು ಬಹಳ ಕಡೆ ಮರೆತೇ ಬಿಡುತ್ತಾರೆ. ನೀವೇ ನೆನಪಿಸಬೇಕು.

ಮಳೆಗಾಲದಲ್ಲಿ ನೀರು ಕಾಲಿಡುವ ಹಲಗೆಯವರೆಗೆ ಬಂದಿದ್ದರೆ ಸ್ಕೂಟರ್ ಇಳಿಸಬೇಡಿ. ಬೆಲ್ಟಿನ ಪೆಟ್ಟಿಗೆಗೆ ನೀರು ಹೋದರೆ ಬೆಲ್ಟ್ ಜಾರುತ್ತದೆ, ಗಾಡಿ ನಡುನೀರಿನಲ್ಲೇ ಎಳೆಯದೆ ನಿಲ್ಲುತ್ತದೆ.

ಬೈಕಿನ ಕೆಲಸ ಬಹುಪಾಲು ನಿಮ್ಮ ಕೈಯಲ್ಲೇ ಇದೆ, ಅದೂ ಚೈನಿನದು. 500 ಕಿಲೋಮೀಟರಿಗೆ ಒಮ್ಮೆ, ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ ಒಂದು ಸಲ, ಚೈನ್ ಒರೆಸಿ ಎಣ್ಣೆ ಹಾಕಬೇಕು. ಗಾಡಿ ಓಡಿಸಿ ಬಂದ ಮೇಲೆ ಹಾಕಿ, ಬೆಚ್ಚಗಿನ ಚೈನಿಗೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಇಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಇಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಚೈನಿನ ಕೆಳಗಿನ ಸಾಲನ್ನು ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಅದಕ್ಕಿಂತ ಜಾಸ್ತಿ ಆಡಿದರೆ ಟೈಟ್ ಮಾಡಿಸಿ. ಕವರ್ ಪೂರ್ತಿ ಮುಚ್ಚಿದ ಬೈಕುಗಳಲ್ಲಿ ಸಣ್ಣ ರಬ್ಬರ್ ಮುಚ್ಚಳ ತೆಗೆದು ನೋಡಬಹುದು. ತಿರುಗಿಸಿದಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸಿದರೆ ಚೈನ್ ಸ್ಪ್ರಾಕೆಟ್ ಸೆಟ್ಟು ಮುಗಿದಂತೆ. ಚೈನ್ ಒಂದನ್ನೇ ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ. ಸೆಟ್ಟೇ ಹಾಕಿಸಿ.

ಕ್ಲಚ್ ವಿಷಯದಲ್ಲಿ ಗದ್ದಲದ ರಸ್ತೆ ಬೈಕಿಗೂ ಕ್ರೂರ. ಅರ್ಧ ಕ್ಲಚ್ಚಿನಲ್ಲಿ ತೆವಳಿಸುವುದು ಪ್ಲೇಟು ತಿನ್ನುತ್ತದೆ. ಸಿಗ್ನಲ್ಲಿನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಹಿಡಿದುಕೊಂಡು ನಿಲ್ಲುವ ಬದಲು ನ್ಯೂಟ್ರಲ್ ಮಾಡಿ. ಅರ್ಧ ನಿಮಿಷಕ್ಕಿಂತ ಜಾಸ್ತಿ ಇದ್ದರೆ ಇಂಜಿನ್ನನ್ನೇ ಆಫ್ ಮಾಡಿ. ಏರಿನಲ್ಲಿ ಇಂಜಿನ್ ಶಬ್ದ ಏರುತ್ತಿದ್ದರೂ ಗಾಡಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಅಂತ ಅರ್ಥ. ಆದರೆ ಪ್ಲೇಟು ಬದಲಿಸಲು ಹೇಳುವ ಮೊದಲು ಕ್ಲಚ್ ಕೇಬಲ್ ಅತಿ ಬಿಗಿಯಾಗಿಲ್ಲ ಅಂತ ನೋಡಿಸಿ. ಲಿವರಿನ ತುದಿ ಒಂದು ಒಂದೂವರೆ ಸೆಂಟಿಮೀಟರ್ ಸಡಿಲವಾಗಿ ಆಡಬೇಕು.

ಮನೆಯಲ್ಲಿ ಎರಡೂ ಗಾಡಿ ಇದ್ದವರು ಆಯಿಲ್ ಡಬ್ಬಿ ಬದಲು ಮಾಡಿಕೊಳ್ಳಬೇಡಿ. ಬೈಕಿನ ಕ್ಲಚ್ ಪ್ಲೇಟು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಅದಕ್ಕೆ ಜಾಸೊ ಎಂಎ ದರ್ಜೆಯ ಆಯಿಲ್ ಬೇಕು. ಸ್ಕೂಟರಿಗೆ ಮಾಡಿದ ಜಾಸೊ ಎಂಬಿ ಆಯಿಲ್ ಹೆಚ್ಚು ನುಣುಪು, ಬೈಕಿಗೆ ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ದರ್ಜೆ ಡಬ್ಬಿಯ ಹಿಂದೆ ಬರೆದಿರುತ್ತದೆ.

ನಮ್ಮ ಉದಾಹರಣೆಗೆ ಏನು ತೀರ್ಮಾನ

ನವನಗರದಿಂದ ದುರ್ಗದಬೈಲಿಗೆ ಹೋಗುವವರು ಒಬ್ಬರೇ ಓಡಾಡುವವರು, ಮೂವತ್ತರ ಆಸುಪಾಸಿನವರು, ಸಾಮಾನು ಹೆಚ್ಚು ಇಲ್ಲ ಅಂದರೆ ನಾನು 100 ಸಿಸಿ ಬೈಕ್ ಅನ್ನುತ್ತೇನೆ. ದಾರಿಯ ಹೆಚ್ಚಿನ ಭಾಗ ಸರಾಗವಾಗಿದೆ, ತಿಂಗಳಿಗೆ 380 ರೂಪಾಯಿ ಉಳಿಯುತ್ತದೆ, ಗುಂಡಿಯಲ್ಲಿ ಸೊಂಟಕ್ಕೂ ಹಿತ. ಅದೇ ಮನೆಯಲ್ಲಿ ಹೆಂಡತಿಯೂ ಗಾಡಿ ಓಡಿಸುತ್ತಾರೆ, ಮಗುವನ್ನು ಶಾಲೆಗೆ ಬಿಡಬೇಕು, ಸಂಜೆ ಸಂತೆ ಮಾಡಿಕೊಂಡು ಬರಬೇಕು ಅಂದರೆ ಸ್ಕೂಟರ್ ತೆಗೆದುಕೊಳ್ಳಿ. ಒಂದು ಗಾಡಿ ಇಬ್ಬರಿಗೆ ಆಗುವಾಗ 380 ರೂಪಾಯಿ ಜಾಸ್ತಿಯಲ್ಲ. ಇನ್ನು ಮನೆ ಕೇಶ್ವಾಪುರದಲ್ಲೇ ಇದ್ದು ದಿನಕ್ಕೆ ಏಳೆಂಟು ಕಿಲೋಮೀಟರ್ ಬರೀ ಪೇಟೆಯೊಳಗೇ ಓಡಾಡುವವರು ಯೋಚಿಸುವ ಅಗತ್ಯವೇ ಇಲ್ಲ, ಸ್ಕೂಟರೇ ಸರಿ. ಮನೆಯ ಕೆಳಗೇ ಚಾರ್ಜ್ ಮಾಡುವ ಪ್ಲಗ್ ಇದ್ದರೆ ಅವರು ಎಲೆಕ್ಟ್ರಿಕ್ ಸ್ಕೂಟರನ್ನೂ ನೋಡಬಹುದು. ಬೆಲ್ಟ್, ರೋಲರ್, ಕ್ಲಚ್ ಶೂ ಮೂರರ ತಲೆನೋವೂ ಬಹಳಷ್ಟು ಮಾಡೆಲ್‌ಗಳಲ್ಲಿ ಇರುವುದಿಲ್ಲ. ಆದರೆ ಬ್ಯಾಟರಿಯ ವಾರಂಟಿ ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ ಅನ್ನುವುದನ್ನು ಬುಕಿಂಗ್ ಮಾಡುವ ಮೊದಲೇ ಬರಹದಲ್ಲಿ ಪಡೆಯಿರಿ.